ಅಂಗಡಿಯ ಮಾರಾಟ ಆ್ಯಡ್‌ಗೆ ಗೊತ್ತಾಗಬೇಕಾದರೆ: ಕ್ಲಿಕ್ ಐಡಿಯೋ, ಫೋನ್ ನಂಬರೋ, ಕರೆಯ ಹೊತ್ತೋ?

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ ಸುಲಿಯುವ ಮೆಷಿನ್ ಮಾರುವವರು ಗೂಗಲ್‌ನಲ್ಲಿ ಆ್ಯಡ್ ಹಾಕಿದರೆ ಮೊದಲ ತಿಂಗಳಲ್ಲೇ ಒಂದು ತಮಾಷೆ ನಡೆಯುತ್ತದೆ. ಫೋನ್ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಸುಮಾರು ಜನ ಕೇಳುವುದು "ಇವತ್ತು ಹಳೆ ಚಾಲಿಗೆ ಎಷ್ಟುಂಟು?" ಅಂತ. ಇನ್ನು ಕೆಲವರಿಗೆ ಹಳೆ ಮೆಷಿನ್ ರಿಪೇರಿ ಆಗಬೇಕು. ಅಂಗಡಿಯವರು ತಲೆ ಚಚ್ಚಿಕೊಳ್ಳುತ್ತಾರೆ: "ಎಂತ ಮಾರಾಯ್ರೆ, ದುಡ್ಡು ಹಾಕಿದ್ದು ಮೆಷಿನ್ ಮಾರಲಿಕ್ಕೆ, ಫೋನ್ ಬರುವುದು ರೇಟು ಕೇಳಲಿಕ್ಕೆ."

ಇದರಲ್ಲಿ ಗೂಗಲ್‌ನ ತಪ್ಪು ಜಾಸ್ತಿ ಇಲ್ಲ. ನೀವು ಅದಕ್ಕೆ ಹೇಳಿದ್ದು "ಕರೆ ಬಂದರೆ ಸಾಕು" ಅಂತ. ಅದು ಸುಲಭವಾಗಿ ಕರೆ ಮಾಡುವವರನ್ನು ಹುಡುಕಿ ತಂದಿತು, ಅಷ್ಟೆ. ಆ್ಯಡ್‌ನಿಂದ ಬಂದ ಕರೆ 60 ಸೆಕೆಂಡ್ ದಾಟಿದರೆ ಅದನ್ನು ಕನ್ವರ್ಷನ್, ಅಂದರೆ ಆ್ಯಡ್ ಕೊಟ್ಟ ಫಲ, ಅಂತ ಎಣಿಸುವುದು ಗೂಗಲ್ ಆ್ಯಡ್ಸ್‌ನ ಮಾಮೂಲಿ ಸೆಟ್ಟಿಂಗ್. ಅಡಿಕೆ ರೇಟು ಕೇಳುವವರು ಮೂರು ನಿಮಿಷ ಮಾತಾಡುತ್ತಾರೆ, ಮಳೆಯಿಂದ ಹಿಡಿದು ಕೊಳೆರೋಗದವರೆಗೆ. ನಿಜವಾಗಿ ಮೆಷಿನ್ ಬೇಕಾದವರು "ಅಂಗಡಿ ಎಲ್ಲಿ? ನಾಳೆ ಬರ್ತೇನೆ" ಅಂದು 25 ಸೆಕೆಂಡಲ್ಲಿ ಇಡುತ್ತಾರೆ. ಮೊದಲನೆಯದು ಗೆಲುವು, ಎರಡನೆಯದು ಲೆಕ್ಕಕ್ಕೇ ಇಲ್ಲ. 60 ಅನ್ನು 120 ಮಾಡಿದರೆ ಸರಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಆಗ ಮಾತುಗಾರರು ಇನ್ನೂ ಜಾಸ್ತಿ ಸಿಗುತ್ತಾರೆ, ಬೇರೇನೂ ಆಗುವುದಿಲ್ಲ.

ಸರಿಪಡಿಸುವ ದಾರಿ ಒಂದೇ. ಅಂಗಡಿಯಲ್ಲಿ ಕೊನೆಗೆ ಏನಾಯಿತು ಅನ್ನುವುದನ್ನು ಆ್ಯಡ್ ಅಕೌಂಟಿಗೆ ವಾಪಸ್ ಹೇಳಬೇಕು. ಹೇಳಬೇಕಾದರೆ ಆ ಮಾರಾಟ ಯಾವ ಕ್ಲಿಕ್ಕಿನಿಂದ ಶುರುವಾಯಿತು ಅಂತ ಜೋಡಿಸುವ ಒಂದು ಕೊಂಡಿ ಬೇಕು. ಯಾವ ಕೊಂಡಿ ಹಿಡಿಯಬೇಕು ಅನ್ನುವುದೇ ಇಲ್ಲಿಯ ಪ್ರಶ್ನೆ. ನಮ್ಮ ಊರಿನ ಗಿರಾಕಿಗಳ ರೀತಿ ನೋಡಿದರೆ ಉತ್ತರ ಬೆಂಗಳೂರಿನವರು ಹೇಳುವುದಕ್ಕಿಂತ ಸ್ವಲ್ಪ ಬೇರೆ ಬರುತ್ತದೆ.

ಒಬ್ಬ ಗಿರಾಕಿಯನ್ನು ಹಿಡಿದು ನೋಡೋಣ

ಉದಾಹರಣೆಗೆ ಪೆರ್ಲದ ಒಂದು ಮನೆ. ಮಗ ಗಲ್ಫಿನಲ್ಲಿದ್ದಾನೆ, ರಜೆಗೆ ಊರಿಗೆ ಬಂದಿದ್ದಾನೆ. ಡಿಸೆಂಬರ್ 28ರ ರಾತ್ರಿ ಫೋನಿನಲ್ಲಿ ಹುಡುಕಿ, ಆ್ಯಡ್ ಒತ್ತಿ, ವೆಬ್‌ಸೈಟಿನ ಫಾರ್ಮ್ ತುಂಬುತ್ತಾನೆ. ನಂಬರ್ ಕೊಟ್ಟಿದ್ದು ಅವನ ವಾಟ್ಸಾಪ್ ನಂಬರ್, +971ರಿಂದ ಶುರುವಾಗುವುದು. ಮರುದಿನ ಅಂಗಡಿಯವರು ಮಾತಾಡುತ್ತಾರೆ. ಆದರೆ ಅಂಗಳದಲ್ಲಿ ಅಡಿಕೆ ಈಗಷ್ಟೇ ಹರಡಿದ್ದು. ಚಾಲಿ ಒಣಗಿ ಸುಲಿಯುವ ಹದಕ್ಕೆ ಬರಲು ಸುಮಾರು 40 ದಿನ ಬೇಕು, ಅಲ್ಲಿಯವರೆಗೆ ಮೆಷಿನ್ ತಂದು ಎಂತ ಮಾಡುವುದು? ಫೆಬ್ರವರಿ 10ಕ್ಕೆ ಅಪ್ಪ ಜೀಪಿನಲ್ಲಿ ಬಂದು ಮೆಷಿನ್ ನೋಡಿ, ಅಲ್ಲೇ ದುಡ್ಡು ಕಟ್ಟಿ ತೆಗೆದುಕೊಂಡು ಹೋಗುತ್ತಾರೆ. ಬಿಲ್ಲು ಅಪ್ಪನ ಹೆಸರಿಗೆ, ಬಿಲ್ಲಿನಲ್ಲಿ ಅಪ್ಪನ ನಂಬರ್.

ಕ್ಲಿಕ್ಕಿಗೂ ಮಾರಾಟಕ್ಕೂ ನಡುವೆ 44 ದಿನ. ನಂಬರ್ ಬೇರೆ, ಮನುಷ್ಯನೂ ಬೇರೆ. ಇದೇನು ಅಪರೂಪದ ಕೇಸ್ ಅಲ್ಲ, ಕಾಸರಗೋಡಿನಲ್ಲಿ ಅಂಗಡಿ ಇಟ್ಟವರಿಗೆ ಇದು ದಿನದ ಮಾತು. ಈಗ ಇದೇ ಮಾರಾಟವನ್ನು ಒಂದೊಂದು ದಾರಿಯಲ್ಲೂ ಕಳಿಸಿ ನೋಡೋಣ.

ಕ್ಲಿಕ್ ಐಡಿಯ ದಾರಿ

ಗೂಗಲ್ ಆ್ಯಡ್ ಒತ್ತಿದಾಗ ವೆಬ್‌ಸೈಟಿನ ವಿಳಾಸದ ಕೊನೆಗೆ `gclid=` ಅಂತ ಒಂದು ಉದ್ದದ ಸಾಲು ಅಂಟಿಕೊಂಡು ಬರುತ್ತದೆ. ಅಕೌಂಟಿನಲ್ಲಿ ಆಟೋ ಟ್ಯಾಗಿಂಗ್ ಆನ್ ಇರಬೇಕು, ಅಷ್ಟೆ. ಅದನ್ನು ಹಿಡಿದು, ಫಾರ್ಮಿನಲ್ಲಿ ಕಾಣದ ಹಾಗೆ ಇಟ್ಟ ಒಂದು ಫೀಲ್ಡಿಗೆ ತುಂಬಬೇಕು:

```
const g = new URLSearchParams(location.search).get('gclid');
if (g) localStorage.setItem('gclid', g);
document.querySelector('#gclid').value =
  localStorage.getItem('gclid') || '';
```

ಫಾರ್ಮ್ ಬಂದಾಗ ಹೆಸರು, ನಂಬರ್ ಜೊತೆಗೆ ಈ ಐಡಿಯೂ ಶೀಟಿನಲ್ಲಿ ಬಂದು ಕೂರುತ್ತದೆ. ಮಾರಾಟ ಆದ ಮೇಲೆ ಅಪ್‌ಲೋಡ್ ಮಾಡುವ ಫೈಲ್ ಹೀಗಿರುತ್ತದೆ. ಇಲ್ಲಿ ಐಡಿಯ ಜಾಗದಲ್ಲಿ ಸುಮ್ನೆ ಒಂದು ಗುರುತು ಹಾಕಿದ್ದೇನೆ:

```
Parameters:TimeZone=Asia/Kolkata
Google Click ID,Conversion Name,Conversion Time,Conversion Value,Conversion Currency
GCLID_1,Machine_Sale,2025-02-10 16:30:00,12000,INR
```

ಪೆರ್ಲದ ಮನೆಯ ಕೇಸ್ ಈ ದಾರಿಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಯಾರ ನಂಬರ್, ಯಾರ ಹೆಸರು ಅಂತ ಗೂಗಲ್ ಕೇಳುವುದೇ ಇಲ್ಲ, ಐಡಿ ಒಂದಿದ್ದರೆ ಸಾಕು. ಕ್ಲಿಕ್ ಆಗಿ 90 ದಿನದೊಳಗೆ ಕಳಿಸಬೇಕು, 44 ದಿನ ಅದರೊಳಗೇ ಇದೆ.

ಆದರೆ ಇಲ್ಲಿ ಒಂದು ಗುಂಡಿ ಇದೆ, ತುಂಬ ಜನ ಬೀಳುವುದು ಇದರಲ್ಲೇ. ಕನ್ವರ್ಷನ್ ಆ್ಯಕ್ಷನ್ ಮಾಡುವಾಗ ಅದಕ್ಕೆ ಒಂದು ಕ್ಲಿಕ್ ವಿಂಡೋ ಇರುತ್ತದೆ, ಅಂದರೆ ಕ್ಲಿಕ್ ಆಗಿ ಎಷ್ಟು ದಿನದವರೆಗಿನ ಮಾರಾಟ ಎಣಿಸಬೇಕು ಅನ್ನುವ ಗಡುವು. ಮುಟ್ಟದೆ ಬಿಟ್ಟರೆ ಅದು 30 ದಿನ. ಅಂದರೆ ಫೈಲ್ ಸರಿ ಇದ್ದರೂ 44ನೇ ದಿನದ ಮಾರಾಟ ರಿಪೋರ್ಟಿನಲ್ಲಿ ಕಾಣುವುದಿಲ್ಲ. ಅಡಿಕೆಗೆ ಸಂಬಂಧಪಟ್ಟ ಏನನ್ನೇ ಮಾರುವವರು ಅದನ್ನು ಮೊದಲ ದಿನವೇ 90ಕ್ಕೆ ಏರಿಸಿ ಇಡಬೇಕು.

ಎರಡನೆಯ ತೊಂದರೆ ವೆಬ್‌ಸೈಟಿನದು. ಆ್ಯಡಿನಲ್ಲಿ ಒಂದು ವಿಳಾಸ ಕೊಟ್ಟಿದ್ದು, ಅದು ಬೇರೆ ಪುಟಕ್ಕೆ ರೀಡೈರೆಕ್ಟ್ ಆಗುವಾಗ ಬಾಲದ `gclid` ಉದುರಿಹೋಗುವುದುಂಟು. ಪರೀಕ್ಷೆ ಸುಲಭ. ನಿಮ್ಮ ಆ್ಯಡಿನ ವಿಳಾಸದ ಕೊನೆಗೆ `?gclid=Test123` ಅಂತ ಸೇರಿಸಿ ಫೋನಿನಲ್ಲಿ ತೆರೆಯಿರಿ, ಫಾರ್ಮ್ ತುಂಬಿ ಕಳಿಸಿ, ಶೀಟಿನಲ್ಲಿ `Test123` ಬಂತಾ ನೋಡಿ. `test123` ಅಂತ ಸಣ್ಣಕ್ಷರದಲ್ಲಿ ಬಂದರೆ ಅದೂ ಕೆಟ್ಟದ್ದೇ, ಯಾಕೆಂದರೆ ಈ ಐಡಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಒಂದೇ ಅಲ್ಲ. ನಡುವೆ ಯಾವುದಾದರೂ ಪ್ಲಗಿನ್ ಎಲ್ಲವನ್ನೂ ಸಣ್ಣಕ್ಷರ ಮಾಡುತ್ತಿದ್ದರೆ ಒಂದು ಸಾಲೂ ಹೊಂದುವುದಿಲ್ಲ.

ಐಫೋನಿನಿಂದ ಬಂದ ಕೆಲವು ಕ್ಲಿಕ್ಕುಗಳಲ್ಲಿ `gclid` ಬದಲು `gbraid` ಅಥವಾ `wbraid` ಬರುತ್ತದೆ. ಅವಕ್ಕೂ ಒಂದೊಂದು ಫೀಲ್ಡ್ ಇಟ್ಟುಬಿಡಿ, ಕೋಡ್ ಇದೇ.

ಫೋನ್ ನಂಬರಿನ ದಾರಿ

ಇದಕ್ಕೆ ಗೂಗಲ್ ಇಟ್ಟ ಹೆಸರು ಎನ್‌ಹಾನ್ಸ್ಡ್ ಕನ್ವರ್ಷನ್ಸ್ ಫಾರ್ ಲೀಡ್ಸ್. ಫಾರ್ಮ್ ತುಂಬಿದಾಗ ಗೂಗಲ್‌ನ ಟ್ಯಾಗ್ ನಂಬರನ್ನೋ ಇಮೇಲನ್ನೋ ಹ್ಯಾಶ್ ಮಾಡಿ, ಅಂದರೆ ವಾಪಸ್ ಓದಲಾಗದ ಅಕ್ಷರಗಳ ಸಾಲಾಗಿ ಬದಲಾಯಿಸಿ, ಕಳಿಸುತ್ತದೆ. ಮುಂದೆ ಮಾರಾಟ ಆದಾಗ ನೀವೂ ಅದೇ ನಂಬರನ್ನು ಹಾಗೇ ಹ್ಯಾಶ್ ಮಾಡಿ ಕಳಿಸುತ್ತೀರಿ. ಎರಡು ಸಾಲು ಒಂದೇ ಆದರೆ ಜೋಡಿ ಕೂಡಿತು. ಐಡಿ ಸಂಗ್ರಹಿಸುವ ತಲೆಬಿಸಿ ಇಲ್ಲ, ಅಂಗಡಿಯ ಪುಸ್ತಕದಲ್ಲಿ ನಂಬರ್ ಹೇಗೂ ಇರುತ್ತದೆ. ಗಡುವು ಮಾತ್ರ ಕಡಿಮೆ, ಕ್ಲಿಕ್ಕಿನಿಂದ 63 ದಿನ.

ಕೇಳಲಿಕ್ಕೆ ಚಂದ. ಆದರೆ ಪೆರ್ಲದ ಮನೆಯ ಕೇಸ್ ಇಲ್ಲಿ ಸೋಲುತ್ತದೆ. ಟ್ಯಾಗಿಗೆ ಗೊತ್ತಿರುವುದು ಮಗನ +971 ನಂಬರ್, ಅಂಗಡಿಯವರು ಬಿಲ್ಲಿನಿಂದ ತೆಗೆದು ಕಳಿಸುವುದು ಅಪ್ಪನ +91 ನಂಬರ್. ಅಪ್‌ಲೋಡ್ ಆಗುತ್ತದೆ, ಎರರ್ ಕೂಡ ಬರುವುದಿಲ್ಲ, ಜೋಡಿ ಮಾತ್ರ ಕೂಡುವುದಿಲ್ಲ. ಎರರ್ ತೋರಿಸದ ಸೋಲು ಇದ್ದುದರಲ್ಲೇ ಕೆಟ್ಟದ್ದು, ಯಾಕೆಂದರೆ ಯಾರೂ ಹುಡುಕುವುದಿಲ್ಲ.

ಅದಕ್ಕೇ ಒಂದು ಕಟ್ಟುನಿಟ್ಟಿನ ನಿಯಮ ಬೇಕು: ಬಿಲ್ಲಿನ ನಂಬರ್ ಯಾವತ್ತೂ ಕಳಿಸಬೇಡಿ, ಫಾರ್ಮಿನಲ್ಲಿ ಬಂದ ನಂಬರನ್ನೇ ಕಳಿಸಿ. ಅದಕ್ಕೆ ಕೌಂಟರಿನಲ್ಲಿ ಕೂತವರು ಬಿಲ್ಲು ಬರೆಯುವಾಗ ಒಂದು ಪ್ರಶ್ನೆ ಕೇಳಬೇಕು, "ಮೊದಲು ನಮ್ಮತ್ರ ಮಾತಾಡಿದ್ದು ಯಾರು, ಮಗನಾ?" ಅಂತ. ಕನ್ನಡವೋ ಮಲಯಾಳವೋ ತುಳುವೋ, ಯಾವುದರಲ್ಲಿ ಕೇಳಿದರೂ ಸರಿ, ಉತ್ತರ ಸಿಕ್ಕಿದರೆ ವಿಚಾರಣೆಯ ಹಳೆಯ ಸಾಲು ಹುಡುಕಿ ಅದರ ಮುಂದೆಯೇ "ಮಾರಾಟ" ಅಂತ ಬರೆಯಬಹುದು.

ಇನ್ನೊಂದು ಸೂಕ್ಷ್ಮ, ಹ್ಯಾಶ್ ಮಾಡುವ ಮೊದಲು ನಂಬರ್ ಬರೆಯುವ ರೀತಿ. ಗೂಗಲ್‌ಗೆ ದೇಶದ ಕೋಡಿನ ಮುಂದೆ ಕೂಡಿಸುವ ಚಿಹ್ನೆ ಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾಗೆ ಅದು ಬೇಡ, ಬರೀ ಅಂಕಿ ಸಾಕು:

```
ಗೂಗಲ್:  +9198XXXXXXXX
ಮೆಟಾ:    9198XXXXXXXX
```

ಒಂದೇ ಒಂದು ಚಿಹ್ನೆ ಬದಲಾದರೂ ಹ್ಯಾಶ್ ಮಾಡುವ SHA-256 ಲೆಕ್ಕ ಕೊಡುವ ಸಾಲು ಪೂರ್ತಿ ಬೇರೆಯೇ ಆಗುತ್ತದೆ. ಒಂದೇ ಕಾಲಮ್ಮನ್ನು ಹ್ಯಾಶ್ ಮಾಡಿ ಎರಡೂ ಕಡೆ ಹಾಕಿದರೆ ಒಂದು ಕಡೆ ಖಂಡಿತ ಸೊನ್ನೆ. ಮತ್ತೆ, ಮುಂದೆ ಸೊನ್ನೆ ಹಾಕಿ ನಂಬರ್ ಬರೆಯುವ ಹಳೇ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ, ಅದನ್ನೂ ತೆಗೆಯಬೇಕು. ಎಕ್ಸೆಲ್ ಬೇರೆ 12 ಅಂಕಿಯ ನಂಬರನ್ನು `9.19E+11` ಅಂತ ಮಾಡಿ ಕೂರುತ್ತದೆ. ಅದನ್ನು ಹಾಗೇ ಸಿಎಸ್‌ವಿ ಮಾಡಿದರೆ ನಂಬರ್ ಹೋಯಿತು ಅಂತಲೇ ಲೆಕ್ಕ. ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟುಕೊಳ್ಳಿ.

ಹಾಗಾದರೆ ಈ ಎರಡರಲ್ಲಿ ಯಾವುದು? ವೆಬ್‌ಸೈಟ್ ಫಾರ್ಮ್ ಇದ್ದರೆ ನಾನು ಕ್ಲಿಕ್ ಐಡಿಯನ್ನೇ ಮುಖ್ಯ ಮಾಡುತ್ತೇನೆ, ನಂಬರನ್ನು ಅದರ ಬೆನ್ನಿಗೆ ಕಟ್ಟುತ್ತೇನೆ. ಎರಡನ್ನೂ ಒಂದೇ ಸಾಲಿನಲ್ಲಿ ಕಳಿಸಬಹುದು, ಗೂಗಲ್ ಕೂಡ ಹಾಗೇ ಮಾಡಿ ಅನ್ನುತ್ತದೆ. ಐಡಿ ಕಳೆದುಹೋದ ಕಡೆ ನಂಬರ್ ಹಿಡಿಯುತ್ತದೆ, ನಂಬರ್ ತಪ್ಪಿದ ಕಡೆ ಐಡಿ ಹಿಡಿಯುತ್ತದೆ. ಬರೀ ನಂಬರನ್ನೇ ನಂಬುವುದು ಗಲ್ಫಿನ ನಂಟಿಲ್ಲದ ಊರಿನವರಿಗೆ ಸಾಕಾದೀತು, ನಮಗೆ ಸಾಲದು.

ಫಾರ್ಮ್ ತುಂಬದೆ ಕರೆ ಮಾಡುವವರು

ಇಲ್ಲಿಯ ಹಿರಿಯರು ಫಾರ್ಮ್ ತುಂಬುವುದಿಲ್ಲ, ನೇರ ಫೋನ್. ಅವರಿಗೆ ಬೇರೆ ದಾರಿ ಇದೆ, ಕರೆಯ ಫಲಿತಾಂಶವನ್ನು ಇಂಪೋರ್ಟ್ ಮಾಡುವುದು. ಇಲ್ಲಿ ಕೊಂಡಿ ಎರಡು ಸೇರಿ ಆಗುತ್ತದೆ: ಕರೆ ಮಾಡಿದವರ ನಂಬರ್ ಮತ್ತು ಕರೆ ಶುರುವಾದ ಹೊತ್ತು. ಫೈಲಿನಲ್ಲಿ `Caller's Phone Number` ಮತ್ತು `Call Start Time` ಅನ್ನುವ ಕಾಲಮ್ ಇರುತ್ತವೆ, ಉಳಿದದ್ದು ಮೊದಲಿನ ಹಾಗೇ.

ಇದು ನಡೆಯಬೇಕಾದರೆ ಕರೆ ಗೂಗಲ್ ಕೊಡುವ ಫಾರ್ವರ್ಡಿಂಗ್ ನಂಬರಿನ ಮೂಲಕವೇ ಬಂದಿರಬೇಕು. ನಿಮ್ಮ ಅಕೌಂಟಿನಲ್ಲಿ ಕಾಲ್ ರಿಪೋರ್ಟಿಂಗ್ ಆನ್ ಆಗಿದೆಯಾ, ಆ್ಯಡ್ ಒತ್ತಿದಾಗ ಡಯಲ್ ಆಗುವುದು ಬೇರೆ ನಂಬರಾ ಅಂತ ಮೊದಲು ನಿಮ್ಮ ಫೋನಿನಿಂದಲೇ ಒಂದು ಸಲ ನೋಡಿ. ಡಯಲ್ ಆದದ್ದು ನಿಮ್ಮ ಅಂಗಡಿಯ ನಂಬರೇ ಆದರೆ ಆ ಕರೆಗೆ ಈ ದಾರಿ ಮುಚ್ಚಿದೆ, ಮುಂದಿನ ಕೆಲಸಕ್ಕೆ ಹೊತ್ತು ಹಾಳು ಮಾಡಬೇಡಿ.

ದಾರಿ ತೆರೆದಿದ್ದರೂ ಅದು ಬಿಗಿ ದಾರಿ. ಕರೆ ಬಂದ ಹೊತ್ತನ್ನು ಅಂಗಡಿಯವರು ನೆನಪಿನಿಂದ "ಹತ್ತೂವರೆ ಹೊತ್ತಿಗೆ" ಅಂತ ಬರೆದರೆ ಹೊಂದುವುದಿಲ್ಲ. ಮೊಬೈಲಿನ ಕಾಲ್ ಲಾಗ್ ತೆರೆದು ಅಲ್ಲಿದ್ದ ಹೊತ್ತನ್ನೇ ಬರೆಯಬೇಕು, ಅದೂ ಅವತ್ತೇ ಸಂಜೆ, ಲಾಗ್ ಅಳಿಸಿಹೋಗುವ ಮೊದಲು. ಜೊತೆಗೆ ನಂಬರನ್ನು ಕಾಗದದಲ್ಲಿ ಬರೆದಿಟ್ಟು ಎರಡು ದಿನ ಬಿಟ್ಟು ನೆರೆಮನೆಯ ಫೋನಿನಿಂದ ಮಾಡುವವರು, ವಾಟ್ಸಾಪಿನಲ್ಲಿ ತಮ್ಮನಿಗೆ ಫಾರ್ವರ್ಡ್ ಮಾಡುವವರು, ಇವರ್ಯಾರೂ ಇಲ್ಲಿ ಸಿಗುವುದಿಲ್ಲ. ಸಿಕ್ಕಿದಷ್ಟು ಸಿಗಲಿ ಅನ್ನುವವರಿಗೆ ಮಾತ್ರ ಇದು. ಕೌಂಟರಿನಲ್ಲಿ ಬರೆದಿಡುವ ಶಿಸ್ತಿನ ಒಬ್ಬರು ಇಲ್ಲದಿದ್ದರೆ ಕರೆ ಇಂಪೋರ್ಟಿಗೆ ಕೈ ಹಾಕಬೇಡಿ ಅಂತಲೇ ನನ್ನ ಮಾತು. ಅದರ ಬದಲು 60 ಸೆಕೆಂಡಿನ ಕರೆಯನ್ನು ಪ್ರೈಮರಿಯಿಂದ ಸೆಕೆಂಡರಿಗೆ ಇಳಿಸಿ. ಆಗ ಅದು ರಿಪೋರ್ಟಿನಲ್ಲಿ ಕಾಣುತ್ತದೆ, ಯಾರಿಗೆ ಆ್ಯಡ್ ತೋರಿಸಲು ಎಷ್ಟು ದುಡ್ಡು ಹಾಕಬೇಕು ಅಂತ ತೀರ್ಮಾನಿಸುವ ಬಿಡ್ಡಿಂಗ್ ಮಾತ್ರ ಅದರ ಹಿಂದೆ ಓಡುವುದಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆದರೆ

ಮೆಟಾದಲ್ಲಿ ಮೊದಲು ಅಂಗಡಿ ಮಾರಾಟಕ್ಕೆ ಅಂತಲೇ ಇದ್ದ ಆಫ್‌ಲೈನ್ ಕನ್ವರ್ಷನ್ಸ್ ಎಪಿಐ 2025ರಲ್ಲಿ ನಿಂತಿತು. ಈಗ ಎಲ್ಲವೂ ಕನ್ವರ್ಷನ್ಸ್ ಎಪಿಐ ಮೂಲಕವೇ. ಹಳೇ ವೀಡಿಯೊ ನೋಡಿ ಸೆಟ್ ಮಾಡಲು ಹೊರಟವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ನೀವು ಆ್ಯಪಿನೊಳಗೇ ತೆರೆಯುವ ಇನ್‌ಸ್ಟಂಟ್ ಫಾರ್ಮ್ ಬಳಸುತ್ತಿದ್ದರೆ ಕೆಲಸ ಗೂಗಲ್‌ಗಿಂತ ಹಗುರ. ಪ್ರತಿ ಲೀಡಿಗೂ, ಅಂದರೆ ಫಾರ್ಮ್ ತುಂಬಿದ ಪ್ರತಿಯೊಬ್ಬರಿಗೂ, ಮೆಟಾವೇ ಒಂದು ಲೀಡ್ ಐಡಿ ಕೊಡುತ್ತದೆ. ಅದನ್ನು ಜೋಪಾನ ಮಾಡಿದರೆ ನಂಬರ್ ಅಪ್ಪನದಾ ಮಗನದಾ ಅನ್ನುವ ಗಲಾಟೆಯೇ ಇಲ್ಲ. ಈ ಫಾರ್ಮಿನಲ್ಲಿ ನಂಬರ್ ಪ್ರೊಫೈಲಿನಿಂದ ತಾನಾಗಿ ತುಂಬಿಕೊಳ್ಳುತ್ತದೆ, ಎಷ್ಟೋ ಸಲ ಅದು ಬಿಟ್ಟುಹೋದ ಹಳೇ ಸಿಮ್ಮಿನದು. ಅದಕ್ಕೇ ಇಲ್ಲಿ ನಂಬರಿಗಿಂತ ಐಡಿ ಎಷ್ಟೋ ಮೇಲು.

ಇಲ್ಲೂ ಎಕ್ಸೆಲ್‌ನ ಒಂದು ಚೇಷ್ಟೆ ಇದೆ. ಮೆಟಾದಿಂದ ಇಳಿಸಿದ ಫೈಲಿನಲ್ಲಿ ಐಡಿಯ ಮುಂದೆ `l:` ಅಂತ ಇರುತ್ತದೆ. ಇದೆಂತದು ಅಂತ ಅದನ್ನು ಅಳಿಸಿದಿರೋ, ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಳ್ಳುತ್ತದೆ. ಎಕ್ಸೆಲ್‌ಗೆ 15 ಅಂಕಿಯವರೆಗೆ ಮಾತ್ರ ನೆನಪು, 16ನೆಯದನ್ನು ಸೊನ್ನೆ ಮಾಡಿಬಿಡುತ್ತದೆ. ಐಡಿಗಳು ಒಂದರ ಹಿಂದೆ ಒಂದು ಸೊನ್ನೆಯಲ್ಲೇ ಮುಗಿಯುತ್ತಿದ್ದರೆ ಆಗಿದ್ದು ಇದೇ. ಶೀಟಿನಲ್ಲಿ `l:` ಇರಲಿ, ಕಳಿಸುವ ಹೊತ್ತಿಗೆ ಮಾತ್ರ ತೆಗೆಯಿರಿ. ಮತ್ತೆ ಲೀಡುಗಳನ್ನು 90 ದಿನದ ಒಳಗೆ ಇಳಿಸಿಕೊಳ್ಳಬೇಕು, ಆಮೇಲೆ ಸಿಗುವುದಿಲ್ಲ.

ಲೀಡ್ ಐಡಿ ಇಲ್ಲದೆ ಬರೀ ನಂಬರ್ ಹಿಡಿದು ಅಂಗಡಿ ಮಾರಾಟ ಕಳಿಸುವುದಾದರೆ `action_source` ಅನ್ನು `physical_store` ಅಂತ ಕೊಡಿ. ಹಾಗೆ ಕೊಟ್ಟರೆ 62 ದಿನದ ಹಿಂದಿನ ಮಾರಾಟದವರೆಗೂ ತೆಗೆದುಕೊಳ್ಳುತ್ತದೆ. `website` ಅಂತ ಕೊಟ್ಟರೆ ಬರೀ 7 ದಿನ. ತಿಂಗಳಿಗೊಮ್ಮೆ ಪುಸ್ತಕ ತೆರೆದು ಕೂರುವ ಅಂಗಡಿಗೆ ಈ ವ್ಯತ್ಯಾಸ ದೊಡ್ಡದು.

ಮಾರಾಟವನ್ನೇ ಕಳಿಸಬೇಕಾ?

ಇದು ಎಲ್ಲಕ್ಕಿಂತ ಜಾಸ್ತಿ ಯೋಚನೆ ಮಾಡಬೇಕಾದ ಜಾಗ. ಕೊಂಡಿ ಸರಿಯಾಯಿತು ಅಂತಿಟ್ಟುಕೊಳ್ಳಿ. ಒಂದು ಅಂಗಡಿ ಆ್ಯಡಿನಿಂದ ತಿಂಗಳಿಗೆ 6 ಮೆಷಿನ್ ಮಾರುತ್ತದೆ ಅಂತ ಲೆಕ್ಕ ಹಿಡಿಯೋಣ. ಆರೇ ಆರು ಉದಾಹರಣೆ ನೋಡಿ ಬಿಡ್ಡಿಂಗ್ ಎಂತ ಕಲಿಯುತ್ತದೆ? ತಿಂಗಳಿಗೆ 30ರ ಹತ್ತಿರ ಬಂದರೆ ಅದಕ್ಕೆ ಸ್ವಲ್ಪ ಹಿಡಿತ ಸಿಗುತ್ತದೆ. ಅಲ್ಲದೆ 44 ದಿನದ ಮೇಲೆ ಬಂದ ಸುದ್ದಿ ತೀರಾ ತಡ, ಅಷ್ಟರಲ್ಲಿ ಸೀಸನ್ನೇ ಅರ್ಧ ಮುಗಿದಿರುತ್ತದೆ.

ಅದಕ್ಕೆ ಮಾರಾಟಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ಹಿಡಿಯಿರಿ. ಅಂಗಡಿಗೆ ಬಂದು ಮೆಷಿನ್ ಓಡಿಸಿ ನೋಡಿದವರು, ಅಥವಾ ತಮ್ಮ ಅಡಿಕೆಯನ್ನೇ ಚೀಲದಲ್ಲಿ ತಂದು ಸುಲಿಸಿ ನೋಡಿದವರು. ಅಂಥವರು 24 ಜನ ಇದ್ದರೆ, ಅದರಲ್ಲಿ 6 ಜನ ಕೊಂಡರೆ, ನಾಲ್ಕರಲ್ಲಿ ಒಬ್ಬರು. ಒಂದು ಮೆಷಿನಿನಲ್ಲಿ ಅಂಗಡಿಗೆ ಉಳಿಯುವುದು 12,000 ಆದರೆ ಒಂದು ಡೆಮೊದ ಬೆಲೆ 3,000. ಆ ಬೆಲೆ ಹಾಕಿ ಡೆಮೊವನ್ನು ಪ್ರೈಮರಿ ಮಾಡಿ, ಮಾರಾಟವನ್ನು ಸೆಕೆಂಡರಿಯಲ್ಲಿಡಿ. ಎರಡನ್ನೂ ಪ್ರೈಮರಿ ಮಾಡಿದರೆ ಒಬ್ಬನೇ ಗಿರಾಕಿಗೆ 3,000 ಮತ್ತು 12,000 ಎರಡೂ ಸೇರಿ ಲೆಕ್ಕ ಉಬ್ಬುತ್ತದೆ. ಎಣಿಕೆಯ ಸೆಟ್ಟಿಂಗನ್ನು `One` ಮಾಡಿ, ಒಬ್ಬರೇ ಎರಡು ಸಲ ಬಂದು ನೋಡುವುದು ಇದ್ದದ್ದೇ ಅಲ್ವಾ.

ಅಡಿಕೆ ರೇಟು ಕೇಳುವವರು ಡೆಮೊಕ್ಕೆ ಬರುವುದಿಲ್ಲ. ಬಿಡ್ಡಿಂಗ್‌ಗೆ ಅಷ್ಟು ಗೊತ್ತಾದರೆ ಸಾಕು.

ಸರಿ ಹೋಗುತ್ತಿದೆಯಾ ಅಂತ ಹೇಗೆ ಗೊತ್ತಾಗುತ್ತದೆ

ಹೊಸ ಕನ್ವರ್ಷನ್ ಆ್ಯಕ್ಷನ್ ಮಾಡಿದ ಕೂಡಲೇ ಅಪ್‌ಲೋಡ್ ಮಾಡಬೇಡಿ, ತೀರಾ ಹೊಸತು ಅಂತ ತಿರಸ್ಕರಿಸುತ್ತದೆ. ಒಂದು ದಿನ ಬಿಡಿ. ಅಪ್‌ಲೋಡ್ ಆದ ಮೇಲೆ ಫಲಿತಾಂಶದ ಪುಟದಲ್ಲಿ ಎಷ್ಟು ಸಾಲು ಹೋಯಿತು, ಎಷ್ಟು ಬಿತ್ತು ಅಂತ ಬರುತ್ತದೆ. ಬಿದ್ದ ಸಾಲುಗಳಲ್ಲಿ ತುಂಬ ಸಲ ಕಾಣುವ ಒಂದು ಕಾರಣ, ಕನ್ವರ್ಷನ್ ಕ್ಲಿಕ್ಕಿಗಿಂತ ಮೊದಲೇ ಆಗಿದೆ ಅನ್ನುವುದು. ಅದೆಂಥ ಮಾಯೆ ಅಂದರೆ, ಅಂಗಡಿಯವರು ಬರೀ ತಾರೀಕು ಬರೆದಿರುತ್ತಾರೆ, ಶೀಟು ಅದಕ್ಕೆ `00:00:00` ಹಾಕುತ್ತದೆ. ಬೆಳಿಗ್ಗೆ ಹತ್ತಕ್ಕೆ ಆ್ಯಡ್ ಒತ್ತಿ ಮಧ್ಯಾಹ್ನ ಅಂಗಡಿಗೆ ಬಂದವರ ಸಾಲು ಹೀಗೆ ಸತ್ತುಹೋಗುತ್ತದೆ, ಅಂದರೆ ಎಲ್ಲರಿಗಿಂತ ಬೇಗ ಬಂದ ಒಳ್ಳೇ ಗಿರಾಕಿಗಳೇ ಲೆಕ್ಕದಿಂದ ಹೊರಗೆ. ತಾರೀಕಿನ ಜೊತೆ ಹೊತ್ತನ್ನೂ ಬರೆಯಿಸಿ. ತಾರೀಕನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಬರೆಯಿರಿ. `10/02/2025` ಅಂತ ಬರೆದರೆ ನಮಗೆ ಫೆಬ್ರವರಿ 10, ಗೂಗಲ್‌ಗೆ ಅದು ಅಕ್ಟೋಬರ್ 2.

ಇನ್ನೊಂದು ಗಾಬರಿ ಪ್ರತಿ ಅಂಗಡಿಯಲ್ಲೂ ಆಗುತ್ತದೆ: "ನಿನ್ನೆ ನಾಲ್ಕು ಡೆಮೊ ಹಾಕಿದೆವು, ನಿನ್ನೆಯ ಲೆಕ್ಕದಲ್ಲಿ ಏನೂ ಇಲ್ಲ!" ಗೂಗಲ್ ಕನ್ವರ್ಷನ್ನನ್ನು ಬರೆಯುವುದು ಕ್ಲಿಕ್ ಆದ ದಿನದ ಲೆಕ್ಕಕ್ಕೆ. ಮೂರು ವಾರದ ಹಿಂದಿನ ಕ್ಲಿಕ್ ಆದರೆ ಅಂಕಿ ಮೂರು ವಾರದ ಹಿಂದೆ ಏರುತ್ತದೆ. ಅಪ್‌ಲೋಡ್ ಮಾಡಿದ್ದು ಸೇರಿತಾ ಅಂತ ನೋಡಬೇಕಾದರೆ `Conversions (by conv. time)` ಅನ್ನುವ ಕಾಲಮ್ ಸೇರಿಸಿಕೊಳ್ಳಿ. ಮತ್ತೆ, ಇತ್ತೀಚಿನ ಎರಡು ವಾರ ಖಾಲಿ ಕಾಣುತ್ತದೆ ಅಂತ ಕ್ಯಾಂಪೇನ್ ನಿಲ್ಲಿಸಬೇಡಿ, ಆ ಗಿರಾಕಿಗಳ ಅಡಿಕೆ ಇನ್ನೂ ಅಂಗಳದಲ್ಲಿದೆ.

ನಂಬರ್ ಕಳಿಸುವವರು ಫಾರ್ಮಿನ ಕೆಳಗೆ ಎರಡು ಸಾಲು ಬರೆದು ಒಪ್ಪಿಗೆಯ ಟಿಕ್ ಇಡಿ: ನಿಮ್ಮ ನಂಬರನ್ನು ಜಾಹೀರಾತಿನ ಲೆಕ್ಕಕ್ಕೆ ಹ್ಯಾಶ್ ಮಾಡಿ ಗೂಗಲ್, ಮೆಟಾ ಜೊತೆ ಹಂಚಿಕೊಳ್ಳುತ್ತೇವೆ ಅಂತ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ತಿಳಿಸಿ ಒಪ್ಪಿಗೆ ಪಡೆಯುವುದರ ಮೇಲೇ ನಿಂತಿದೆ. ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಹ್ಯಾಶ್ ಮಾಡಿದ್ದೇವಲ್ಲ, ಹೇಳುವುದೇಕೆ ಅನ್ನುವ ವಾದ ಬೇಡ.

ಮೆಷಿನ್ ವಾಪಸ್ ಬಂದರೆ ಅದನ್ನೂ ಗೂಗಲ್‌ಗೆ ಹೇಳಬಹುದು, ಕನ್ವರ್ಷನ್ ಅಡ್ಜಸ್ಟ್‌ಮೆಂಟ್ ಅಂತ ಬೇರೆಯೇ ಫೈಲ್ ಇದೆ. ತಿಂಗಳಿಗೆ ಒಂದೋ ಎರಡೋ ವಾಪಸ್ ಬರುವ ಅಂಗಡಿಗೆ, ಅದೂ ಡೆಮೊ ಪ್ರೈಮರಿ ಇರುವಾಗ, ನಾನಾದರೆ ಅದರ ಗೋಜಿಗೆ ಹೋಗುವುದಿಲ್ಲ.